ಒಸಿಐ ಕಾರ್ಡಿನವರಿಗೆ ಕಾಫಿ ತೋಟ ಕೊಳ್ಳಲು ಬಿಡಬೇಕೇ?

ಪರ: ಮೂಡಿಗೆರೆಯ ಒಬ್ಬ ಬೆಳೆಗಾರ

ಬಿಡಬೇಕು. ನನ್ನ ತಂಗಿಯ ವಿಷಯ ಹೇಳುತ್ತೇನೆ, ಕೇಳಿ.

ಅವಳು ನಮ್ಮ ತೋಟದಲ್ಲೇ ಬೆಳೆದವಳು. ಹಣ್ಣು ಕೊಯ್ಲಿನ ಕಾಲದಲ್ಲಿ ಸಂಜೆ ಕಣದ ಮೇಲಿನ ಚೆರ್ರಿ ರಾಶಿ ಮಾಡಿ ಟಾರ್ಪಾಲು ಹೊದಿಸೋದು ಅವಳ ಕೆಲಸ. ಈಗ ಅಮೆರಿಕದ ಪ್ರಜೆ. ಅಲ್ಲಿನ ಪೌರತ್ವ ತಗೊಂಡ ಕೂಡಲೇ ಇಲ್ಲಿನದು ಹೋಯಿತು, ನಮ್ಮ ಪೌರತ್ವ ಕಾಯ್ದೆ ಹಾಗಿದೆ. ಆಮೇಲೆ ಬೇರೆ ದೇಶದ ಪ್ರಜೆಗಳಾದ ಭಾರತ ಮೂಲದವರಿಗೆ ಕೊಡುವ ಒಸಿಐ ಕಾರ್ಡ್ ಮಾಡಿಸಿದಳು. ಅದಿದ್ದರೆ ವೀಸಾ ಬೇಡ. ಎಷ್ಟು ಸಲ ಬೇಕಾದರೂ ಬರಬಹುದು, ಎಷ್ಟು ದಿನ ಬೇಕಾದರೂ ಇರಬಹುದು, ಪೊಲೀಸರ ಹತ್ತಿರ ಹೆಸರು ಬರೆಸಬೇಕಾಗಿಲ್ಲ. ಹಾಸನದಲ್ಲಿ ಫ್ಲ್ಯಾಟ್ ಕೊಳ್ಳಬಹುದು. ವೋಟು ಇಲ್ಲ, ಚುನಾವಣೆಗೆ ನಿಲ್ಲುವಂತಿಲ್ಲ. ಅದು ಸರಿ, ಅವಳಿಗೂ ಅದರ ಮೇಲೆ ಆಸೆ ಇಲ್ಲ. ಆದರೆ ಕೃಷಿ ಜಮೀನು, ಫಾರ್ಮ್‌ಹೌಸ್, ಪ್ಲಾಂಟೇಷನ್ ಈ ಮೂರನ್ನು ಕೊಳ್ಳುವಂತಿಲ್ಲ.

ಅಪ್ಪ ಬದುಕಿದ್ದಾಗಲೇ ಅವಳ ಪಾಲನ್ನು ದಾನಪತ್ರ ಮಾಡಿ ಕೊಡೋಣ ಅಂತ ಹೊರಟರು. ಆಗೋದಿಲ್ಲ ಅಂದರು. ವಿದೇಶದಲ್ಲಿರುವ ಒಸಿಐನವರಿಗೆ ತೋಟ ದಾನವಾಗಿಯೂ ಬರುವಂತಿಲ್ಲ. ಉಯಿಲು ಬರೆದಿಟ್ಟರೆ ಮಾತ್ರ ಅಡ್ಡಿಯಿಲ್ಲವಂತೆ. ಅಪ್ಪ ತೀರಿಕೊಂಡ ಮೇಲೆ ಪೌತಿ ಖಾತೆಯಾಗಿ ಪಹಣಿಯಲ್ಲಿ ಅವಳ ಹೆಸರು ಬಂತು. ಅಲ್ಲ, ಅಪ್ಪ ಕೈಯಾರೆ ಕೊಟ್ಟರೆ ತಪ್ಪು, ಅಪ್ಪ ಸತ್ತ ಮೇಲೆ ಬಂದರೆ ಸರಿ! ಮಗಳು ಅದೇ, ತೋಟ ಅದೇ. ಈ ನಿಯಮ ಯಾರನ್ನು ಕಾಪಾಡುತ್ತಿದೆ?

ಆಮೇಲೆ ಪಕ್ಕದ ನಾಲ್ಕು ಎಕರೆ ಮಾರಾಟಕ್ಕೆ ಬಂತು. ನಮ್ಮ ಎರಡೂ ತೋಟಕ್ಕೆ ನೀರು ಕೊಡೋ ಹಳ್ಳ ಇರೋದು ಅದರಲ್ಲಿ. ಮಾರ್ಚ್‌ನಲ್ಲಿ ಹೂಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್ ಹಾಕಲು ಅದೊಂದೇ ಆಸರೆ. ತಂಗಿ ಹತ್ತಿರ ದುಡ್ಡಿತ್ತು, ನನ್ನ ಹತ್ತಿರ ಇರಲಿಲ್ಲ. ಅದನ್ನು ಬೆಂಗಳೂರಿನವರೊಬ್ಬರು ಕೊಂಡರು. ಅವರಿಗೆ ಅರೇಬಿಕಾ ಯಾವುದು, ರೋಬಸ್ಟಾ ಯಾವುದು ಗೊತ್ತಿಲ್ಲ. ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು ಅಂತ 2020ರಲ್ಲಿ ರಾಜ್ಯದ ಭೂಸುಧಾರಣಾ ಕಾಯ್ದೆಯನ್ನೇ ಬದಲಾಯಿಸಿದರಲ್ಲ. ಬೇಸಾಯ ಗೊತ್ತಿಲ್ಲದವರಿಗೆ ಬಾಗಿಲು ತೆರೆದು, ಕಣದಲ್ಲಿ ಬೆಳೆದವಳಿಗೆ ಮುಚ್ಚಿದ್ದು ಯಾವ ನ್ಯಾಯ?

ಇನ್ನೊಂದು ಮಾತು. ಅವಳ ಪಾಲು ಮುಂದೆ ಅವಳ ಮಗನಿಗೆ ವಾರಸಾಗಿ ಹೋಗಬಹುದು. ಅವನು ಹುಟ್ಟಿದ್ದೇ ಅಲ್ಲಿ. ತೋಟವನ್ನೇ ನೋಡದವನು ಒಡೆಯ ಆಗಬಹುದು, ದುಡಿದವಳು ಒಂದು ಗುಂಟೆಯನ್ನೂ ಸೇರಿಸಿಕೊಳ್ಳುವಂತಿಲ್ಲ. ಹಣ್ಣು ಕೊಯ್ಯುವ ಕೈ ಯಾವ ಪಾಸ್‌ಪೋರ್ಟ್ ಹಿಡಿದಿದೆ ಅಂತ ಗಿಡ ಕೇಳುತ್ತಾ?

ವಿರೋಧ: ಸಕಲೇಶಪುರದ ಒಬ್ಬ ವಕೀಲ

ಈ ಕಡೆಯಿಂದ ಬರೆಯಲು ನನಗೆ ಹೇಳಿದ್ದಾರೆ. ದಾನಪತ್ರದ ವಿಷಯದಲ್ಲಿ ನಿಯಮ ಸ್ವಲ್ಪ ಬಿಗಿಯಾಯಿತು ಅಂತ ನನಗೂ ಅನಿಸುತ್ತದೆ. ಆದರೆ ಕೊಳ್ಳಲು ಬಿಡುವುದು ಬೇಡ.

ಮೊದಲನೆಯದಾಗಿ, ಇದು ಪೌರತ್ವ ಬಿಟ್ಟವರಿಗೆ ಹಾಕಿದ ಶಿಕ್ಷೆ ಅಲ್ಲ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ದುಬೈನಲ್ಲಿ ನೆಲೆಸಿರುವ ಎನ್‌ಆರ್‌ಐ ಕೂಡ ತೋಟ ಕೊಳ್ಳುವಂತಿಲ್ಲ. ವಿದೇಶಿ ವಿನಿಮಯದ ನಿಯಮ ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿಟ್ಟಿದೆ. ಒಸಿಐ ಕಾರ್ಡ್ ಮರಿಮಕ್ಕಳವರೆಗೂ ಸಿಗುತ್ತದೆ, ಇಲ್ಲಿನವರನ್ನು ಮದುವೆಯಾದ ವಿದೇಶಿಯರಿಗೂ ಸಿಗುತ್ತದೆ. ಬಿಟ್ಟರೆ ಬಾಳ್ಳುಪೇಟೆ ಎಲ್ಲಿದೆ ಅಂತ ಗೊತ್ತಿಲ್ಲದವರೆಲ್ಲ ಡಾಲರ್ ಹಿಡಿದು ಸಾಲು ನಿಲ್ಲುತ್ತಾರೆ. ಎರಡು ಎಕರೆ ಸೇರಿಸಿಕೊಳ್ಳೋಣ ಅನ್ನುವ ಸಣ್ಣ ಬೆಳೆಗಾರ ಎಲ್ಲಿಗೆ ಹೋಗಬೇಕು?

ವಾರಸಾಗಿ ಬಂದ ತೋಟದಲ್ಲಿ ಅವರು ಸಿಕ್ಕಿಹಾಕಿಕೊಳ್ಳುವುದೂ ಇಲ್ಲ. ಇಲ್ಲಿ ವಾಸವಿರುವವರಿಗೆ ಮಾರಬಹುದು. ದುಡ್ಡು ಅನಿವಾಸಿಗಳು ಇಲ್ಲಿನ ಬ್ಯಾಂಕಿನಲ್ಲಿ ಇಟ್ಟುಕೊಳ್ಳುವ ಎನ್‌ಆರ್‌ಒ ಖಾತೆಗೆ ಬರುತ್ತದೆ. ತೆರಿಗೆ ಕಟ್ಟಿ, ಕಾಗದಪತ್ರ ಕೊಟ್ಟು, ಒಂದು ಆರ್ಥಿಕ ವರ್ಷದಲ್ಲಿ 10 ಲಕ್ಷ ಡಾಲರ್‌ವರೆಗೆ ಹೊರಗೆ ಕಳಿಸಬಹುದು. ಆದರೆ ಇನ್ನೊಬ್ಬ ಒಸಿಐಗಾಗಲಿ ಎನ್‌ಆರ್‌ಐಗಾಗಲಿ ತೋಟ ಮಾರುವಂತಿಲ್ಲ.

ನನ್ನ ಹತ್ತಿರ ಬರುವ ತೊಂದರೆಯೇ ಬೇರೆ. ಒಸಿಐ ಕಾರ್ಡಿನ ಕಕ್ಷಿದಾರರೊಬ್ಬರು ಹಳೇ ಆಧಾರ್ ತೋರಿಸಿ ಆರು ಎಕರೆ ನೋಂದಣಿ ಮಾಡಿಸಿಕೊಂಡಿದ್ದರು. ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಯಾರೂ ಪೌರತ್ವ ಕೇಳಲಿಲ್ಲ. ಖಾತೆಯೂ ಆಯಿತು. ಮಾರಲು ಹೋದಾಗ ಕೊಳ್ಳುವವರ ವಕೀಲರು ಹಣ ಎಲ್ಲಿಂದ ಬಂತು ಅಂತ ಬ್ಯಾಂಕ್ ದಾಖಲೆ ಕೇಳಿದರು. ವಿದೇಶದ ಖಾತೆಯಿಂದ ಬಂದಿದ್ದು ಗೊತ್ತಾಗಿ ವ್ಯಾಪಾರ ನಿಂತಿತು. ನೋಂದಣಿ ಆಯಿತು ಅಂದ ಮಾತ್ರಕ್ಕೆ ಕೊಂಡಿದ್ದು ಸಕ್ರಮ ಆಗುವುದಿಲ್ಲ. ವ್ಯವಹಾರದ ಮೊತ್ತದ ಮೂರು ಪಟ್ಟಿನವರೆಗೆ ದಂಡ ಹಾಕಲು ವಿದೇಶಿ ವಿನಿಮಯದ ಫೆಮಾ ಕಾಯ್ದೆಯಲ್ಲಿ ಅವಕಾಶವಿದೆ. ಅವರು ರಾತ್ರಿಯೆಲ್ಲ ನಿದ್ದೆಗೆಟ್ಟು ಫೋನ್ ಮಾಡುತ್ತಿದ್ದರು. ಅಣ್ಣನ ಹೆಸರಲ್ಲಿ ಕೊಳ್ಳಿ ಅನ್ನುವ ಬ್ರೋಕರುಗಳೂ ಇದ್ದಾರೆ. ಅದು ಬೇನಾಮಿ ಕೇಸಿಗೆ ದಾರಿ.

ನಿಜಕ್ಕೂ ತೋಟ ಮಾಡಲೇಬೇಕು ಅನ್ನುವವರಿಗೆ ಒಂದು ದಾರಿ ಇದೆ. ಒಸಿಐ ಆಗಿ ಐದು ವರ್ಷ ಕಳೆದಿರಬೇಕು, ಅರ್ಜಿಗೆ ಮುಂಚಿನ ಹನ್ನೆರಡು ತಿಂಗಳು ಇಲ್ಲೇ ವಾಸವಿರಬೇಕು. ಆಗ ಭಾರತದ ಪೌರತ್ವಕ್ಕೆ ಅರ್ಜಿ ಹಾಕಬಹುದು. ಈಗಿರುವ ವಿದೇಶದ ಪೌರತ್ವ ಬಿಡಬೇಕಾಗುತ್ತದೆ. ಪೌರತ್ವ ಸಿಕ್ಕಿ ಇಲ್ಲೇ ನೆಲೆಸಿದ ಮೇಲೆ ಆ ನಾಲ್ಕು ಎಕರೆಗೆ ಯಾರೂ ಅಡ್ಡ ಬರುವುದಿಲ್ಲ.