ಪಂಪ್‌ಸೆಟ್ ಕೀಳಬೇಕಾದವರು ಯಾರು?

ಕಳೆದ ತಿಂಗಳು ನಮ್ಮ ಚಿಕ್ಕಪ್ಪ ದಾವಣಗೆರೆಯ ನಮ್ಮ ಮನೆಗೆ ಬಂದಾಗ ಅಂಗಿಯ ಜೇಬಿನಿಂದ ನಾಲ್ಕು ಮಡಿಕೆ ಮಾಡಿದ ಒಂದು ಕಾಗದವನ್ನು ತೆಗೆದು ನನ್ನ ಮುಂದಿಟ್ಟರು. ಅವರದು ಭದ್ರಾ ನಾಲೆಯ ಒಂದು ಉಪನಾಲೆಯ ತುದಿಯಲ್ಲಿರುವ ಗದ್ದೆ. ಮೇಲಿನವರು ದಂಡೆಯ ಮೇಲೆ ಪಂಪ್ ಇಟ್ಟು ನೀರೆತ್ತಿಕೊಂಡರೆ ಇವರ ಭತ್ತಕ್ಕೆ ಉಳಿಯುವುದು ಕೆಸರು ಮಾತ್ರ. ಈ ಬಗ್ಗೆ ತುದಿಯ ರೈತರೆಲ್ಲ ಸೇರಿ ಕೊಟ್ಟಿದ್ದ ಅರ್ಜಿಗೆ ನೀರು ಬಳಕೆದಾರರ ಸಂಘದ ಕಚೇರಿಯವರು ಹೊರಡಿಸಿದ ನೋಟಿಸು ಅದು. ಚಿಕ್ಕಪ್ಪ ಏಳನೆಯ ತರಗತಿಯವರೆಗೆ ಓದಿದವರು, ದಿನಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಬಿಡದೆ ಓದುವವರು. ಆದರೂ, "ತಮ್ಮಾ, ನೀನು ಕನ್ನಡ ಮೇಷ್ಟ್ರು. ಇದನ್ನ ಮೂರು ಸಲ ಓದಿದೆ. ಪಂಪು ಕೀಳೋರು ಯಾರು, ನಮಗೆ ನೀರು ಬಿಡ್ತಾರೋ ಇಲ್ವೋ, ಅಷ್ಟು ಹೇಳು" ಎಂದರು.

ನೋಟಿಸಿನ ಮುಖ್ಯ ವಾಕ್ಯ ಹೀಗಿತ್ತು: "ನಾಲೆಯ ದಂಡೆಯ ಮೇಲಿನ ಅನಧಿಕೃತ ಪಂಪ್‌ಸೆಟ್‌ಗಳ ತೆರವುಗೊಳಿಸುವಿಕೆಯ ನಂತರವಷ್ಟೇ ಕೊನೆಭಾಗದ ರೈತರ ನೀರಿನ ಹಂಚಿಕೆಯ ಪರಿಶೀಲನೆಯ ಬಗ್ಗೆ ಕ್ರಮ ಕೈಗೊಳ್ಳಲಾಗುವುದು."

ಇಪ್ಪತ್ತು ವರ್ಷ ಕನ್ನಡ ಪಾಠ ಹೇಳಿದ ನನಗೂ ಉತ್ತರ ಹೊಳೆಯಲಿಲ್ಲ. ಇದರಲ್ಲಿ ನಿಘಂಟು ನೋಡಬೇಕಾದ ಪದ ಒಂದೂ ಇಲ್ಲ. ತೆರವು, ಹಂಚಿಕೆ, ಪರಿಶೀಲನೆ, ಕ್ರಮ ಎಲ್ಲವೂ ದಿನಪತ್ರಿಕೆಯಲ್ಲಿ ಬರುವ ಪದಗಳೇ. ಆದರೆ ಈ ವಾಕ್ಯದಲ್ಲಿ ನಡೆಯಬೇಕಾದ ಕೆಲಸಗಳು ನಾಲ್ಕು, ಕ್ರಿಯಾಪದ ಇರುವುದು ಕೊನೆಯಲ್ಲಿ ಒಂದು, ಅದೂ "ಕೈಗೊಳ್ಳಲಾಗುವುದು" ಎಂಬ ಯಾರ ಕೈಯೂ ಕಾಣದ ಕ್ರಿಯಾಪದ. ಉಳಿದ ಕೆಲಸಗಳೆಲ್ಲ ನಾಮಪದಗಳಾಗಿ, ಒಂದರ ಬಾಲವನ್ನು ಇನ್ನೊಂದು "ಅ", "ಇನ", "ಯ" ಎಂಬ ಷಷ್ಠೀ ವಿಭಕ್ತಿಯಿಂದ ಹಿಡಿದುಕೊಂಡು ಸಾಲಾಗಿ ನಿಂತಿವೆ.

ಕ್ರಿಯೆಯನ್ನು ನಾಮಪದವಾಗಿಸುವುದು ಕನ್ನಡಕ್ಕೆ ಹೊರಗಿನಿಂದ ಬಂದ ಚಾಳಿಯೇನಲ್ಲ. ಓಡು ಎಂಬುದರಿಂದ ಓಟ, ನೋಡು ಎಂಬುದರಿಂದ ನೋಟ, ಅಳಿ ಎಂಬುದರಿಂದ ಅಳಿವು, ಬರೆ ಎಂಬುದರಿಂದ ಬರಹ ಆಗುತ್ತವೆ. ಶಾಲೆಯ ವ್ಯಾಕರಣದಲ್ಲಿ ಇವನ್ನೇ ಕೃದಂತ ಭಾವನಾಮಗಳೆಂದು ಓದಿರುತ್ತೇವೆ. ಹಾಗಾಗಿ ನಾಮಪದವನ್ನೇ ದೂರುವುದು ನನ್ನ ಉದ್ದೇಶವಲ್ಲ. ಕನ್ನಡದ ಕ್ರಿಯಾಪದವನ್ನು ನಾಮಪದವಾಗಿಸುವಾಗ ಅದು ಹೊತ್ತುಕೊಂಡಿದ್ದ ಯಾವ ಯಾವ ಸಾಮಾನು ಕೆಳಗೆ ಬೀಳುತ್ತದೆ ಎಂಬುದನ್ನು ಮಾತ್ರ ಇಲ್ಲಿ ನೋಡಬೇಕಾಗಿದೆ.

"ತೆಗೆದೆವು" ಎಂದರೆ ತೆಗೆದವರು ನಾವು, ಒಬ್ಬರಿಗಿಂತ ಹೆಚ್ಚು ಜನ, ಕೆಲಸ ಆಗಿಹೋಗಿದೆ ಎಂಬಿಷ್ಟನ್ನೂ ಒಂದೇ ಪದ ಹೇಳುತ್ತದೆ. "ತೆಗೆಯುತ್ತಾರೆ" ಎಂದರೆ ತೆಗೆಯುವವರು ಬೇರೆಯವರು, ಕೆಲಸ ಇನ್ನೂ ಮುಂದಿದೆ. ಕರ್ತೃಪದವನ್ನು ಬಿಟ್ಟರೂ ಪ್ರತ್ಯಯವೇ ಅದನ್ನು ತಿಳಿಸುವುದರಿಂದ ನಾವು ಮಾತಿನಲ್ಲಿ "ನಾವು", "ಅವರು" ಎಂಬುದನ್ನು ಎಷ್ಟೋ ಸಲ ಹೇಳುವುದೇ ಇಲ್ಲ. ಇಂಗ್ಲಿಷಿನ ಕ್ರಿಯಾಪದ ಇಷ್ಟು ಹೊರೆ ಹೊರುವುದಿಲ್ಲ. ಅಲ್ಲಿ ಮಾಡಿದವರು ಯಾರೆಂದು ಕರ್ತೃಪದವೇ ಹೇಳಬೇಕು. ಆದ್ದರಿಂದ ಇಂಗ್ಲಿಷ್ ಕಡತದ ನಾಮಪದಗಳನ್ನು ಒಂದಕ್ಕೊಂದರಂತೆ ಕನ್ನಡಕ್ಕೆ ಇಳಿಸಿದರೆ ನಮಗಾಗುವ ನಷ್ಟ ಅವರಿಗಾಗುವ ನಷ್ಟಕ್ಕಿಂತ ದೊಡ್ಡದು.

ಈ ನಷ್ಟ ಒಂದೇ ಏಟಿಗೆ ಆಗುವುದಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಆಗುತ್ತದೆ. ಮೊದಲ ಮೆಟ್ಟಿಲು "-ವುದು". "ರೈತರು ಪಂಪನ್ನು ಬೇಗನೆ ತೆಗೆಯುವುದು ಒಳ್ಳೆಯದು" ಎಂಬಲ್ಲಿ "ತೆಗೆಯುವುದು" ನಾಮಪದದ ಸ್ಥಾನದಲ್ಲಿ ಕುಳಿತಿದ್ದರೂ ಒಳಗೆ ಇನ್ನೂ ಕ್ರಿಯಾಪದವೇ ಆಗಿದೆ. ರೈತರು ಪ್ರಥಮಾ ವಿಭಕ್ತಿಯಲ್ಲಿದ್ದಾರೆ, ಪಂಪು ದ್ವಿತೀಯಾ ವಿಭಕ್ತಿಯಲ್ಲಿದೆ, "ಬೇಗನೆ" ಎಂಬ ಅವ್ಯಯ ತನ್ನ ಜಾಗದಲ್ಲೇ ಇದೆ. ಬೇಕೆಂದರೆ "ತೆಗೆದದ್ದು" ಎಂದು ಭೂತಕಾಲ ಮಾಡಬಹುದು, "ತೆಗೆಯದ್ದು" ಎಂದು ನಿಷೇಧಿಸಬಹುದು. ಕಳೆದುಹೋದದ್ದು ಕೊನೆಯ ಪುರುಷ ಪ್ರತ್ಯಯ ಮಾತ್ರ.

ಎರಡನೆಯ ಮೆಟ್ಟಿಲು "-ವಿಕೆ". ಇಲ್ಲಿ "ತೆಗೆಯುವಿಕೆ" ಎಂದ ಕೂಡಲೇ ರೈತರು "ರೈತರ" ಆಗುತ್ತಾರೆ, ಪಂಪು ಸಾಮಾನ್ಯವಾಗಿ "ಪಂಪಿನ" ಆಗುತ್ತದೆ, "ಬೇಗನೆ" ಎಂಬುದಕ್ಕೆ ಜಾಗವೇ ಸಿಗದೆ "ಶೀಘ್ರ" ಎಂಬ ವಿಶೇಷಣದ ಮೊರೆ ಹೋಗಬೇಕಾಗುತ್ತದೆ. "ತೆಗೆದ" ಎಂಬ ಭೂತಕಾಲದ ರೂಪಕ್ಕೆ "ವಿಕೆ" ನೇರವಾಗಿ ಹತ್ತುವುದಿಲ್ಲ. "ಇರು" ಎಂಬ ಊರುಗೋಲು ಕೊಟ್ಟು "ತೆಗೆದಿರುವಿಕೆ" ಎನ್ನಬೇಕು. ಮೂರನೆಯ ಮೆಟ್ಟಿಲು "ಪರಿಶೀಲನೆ", "ವಿತರಣೆ", "ಅನುಷ್ಠಾನ"ದಂಥ ಸಿದ್ಧ ಸಂಸ್ಕೃತ ನಾಮಪದಗಳದು. ಅಲ್ಲಿ ಕಾಲವೂ ಇಲ್ಲ, ಕರ್ತೃವೂ ಇಲ್ಲ, ಕೆಲಸ ಆಯಿತೋ ಆಗಬೇಕೋ ಎಂಬ ಸುಳಿವೂ ಇಲ್ಲ.

ನನಗೆ ಎಲ್ಲಕ್ಕಿಂತ ವಿಚಿತ್ರವಾಗಿ ಕಾಣುವುದು "ಗೊಳಿಸುವಿಕೆ" ಎಂಬ ಬಾಲ. ತೆರವು ಮೊದಲೇ ನಾಮಪದ. ಅದಕ್ಕೆ "ಗೊಳಿಸು" ಸೇರಿಸಿ ಕ್ರಿಯಾಪದ ಮಾಡಿದರು, ಆಮೇಲೆ "ವಿಕೆ" ಸೇರಿಸಿ ಮತ್ತೆ ನಾಮಪದ ಮಾಡಿದರು. ಹೊರಟ ಬಸ್ಸು ಹರಿಹರಕ್ಕೆ ಹೋಗಿ, ಯಾರನ್ನೂ ಇಳಿಸದೆ, ಯಾರನ್ನೂ ಹತ್ತಿಸಿಕೊಳ್ಳದೆ ದಾವಣಗೆರೆಗೇ ವಾಪಸು ಬಂದ ಹಾಗಾಯಿತು.

ನೋಟಿಸಿಗೆ ಮರಳೋಣ. "ರೈತರ ನೀರಿನ ಹಂಚಿಕೆ" ಎಂದರೆ ರೈತರಿಗೆ ನೀರು ಹಂಚುವುದೇ, ಅಥವಾ ರೈತರು ತಮ್ಮತಮ್ಮಲ್ಲೇ ಈಗ ಹಂಚಿಕೊಳ್ಳುತ್ತಿರುವ ರೀತಿಯೇ? ಷಷ್ಠೀ ವಿಭಕ್ತಿ ಎರಡಕ್ಕೂ ಒಪ್ಪುತ್ತದೆ. "ಅಧಿಕಾರಿಯ ವಿಚಾರಣೆ" ಎಂಬಲ್ಲಿ ಅಧಿಕಾರಿ ಪ್ರಶ್ನೆ ಕೇಳುತ್ತಿದ್ದಾರೋ ಕಟಕಟೆಯಲ್ಲಿ ನಿಂತಿದ್ದಾರೋ ತಿಳಿಯದಿರುವುದೂ ಇದೇ ಕಾರಣಕ್ಕೆ. ಇನ್ನು "ತೆರವುಗೊಳಿಸುವಿಕೆ"ಯನ್ನು ಮಾಡುವವರು ಯಾರು ಎಂಬುದಕ್ಕೆ ಆ ವಾಕ್ಯದಲ್ಲಿ ಉತ್ತರವೇ ಇಲ್ಲ. ಪರಿಣಾಮವನ್ನು ಚಿಕ್ಕಪ್ಪ ಕಣ್ಣಾರೆ ಕಂಡಿದ್ದರು. ಮೇಲ್ಭಾಗದಲ್ಲಿ ಪಂಪ್ ಇಟ್ಟವರು ಇಲಾಖೆಯವರೇ ಬಂದು ಕೀಳುತ್ತಾರೆ, ಬಂದಾಗ ನೋಡೋಣ ಎಂದು ಸುಮ್ಮನಿದ್ದರು. ಕಚೇರಿಯವರು ಪಂಪಿನವರು ತಾವಾಗಿಯೇ ಕೀಳಲಿ ಎಂದು ಕಾಯುತ್ತಿದ್ದರು. ಇಬ್ಬರೂ ಓದಿದ್ದು ಒಂದೇ ನೋಟಿಸನ್ನು, ಇಬ್ಬರ ಅರ್ಥವೂ ವ್ಯಾಕರಣದ ಪ್ರಕಾರ ಸರಿಯೇ. ಪಂಪುಗಳು ಮಾತ್ರ ಇದ್ದಲ್ಲೇ ಇದ್ದವು.

ನಾನು ಸಂಘದ ಕಾರ್ಯದರ್ಶಿಯವರಿಗೆ ಫೋನ್ ಮಾಡಿ ಒಂದೊಂದು ನಾಮಪದವನ್ನೂ ಬಿಡಿಸಿ ಕೇಳಿದೆ. ಅವರು ಒಳ್ಳೆಯ ಮನುಷ್ಯರು, ಬೇಸರಿಸದೆ ಎಲ್ಲದಕ್ಕೂ ಉತ್ತರಿಸಿದರು. ಆ ಉತ್ತರಗಳನ್ನು ಸೇರಿಸಿದಾಗ ನೋಟಿಸು ಹೀಗಾಯಿತು: "ನಾಲೆಯ ದಂಡೆಯ ಮೇಲೆ ಅನುಮತಿ ಇಲ್ಲದೆ ಪಂಪ್‌ಸೆಟ್ ಇಟ್ಟಿರುವ ರೈತರು 7 ದಿನಗಳೊಳಗೆ ಅವನ್ನು ತಾವೇ ತೆಗೆಯಬೇಕು. ಆ ಬಳಿಕ ಎಂಜಿನಿಯರರು ನಾಲೆಯ ಉದ್ದಕ್ಕೂ ನಡೆದು, ಕೊನೆಯ ಗದ್ದೆಗಳಿಗೆ ನೀರು ಎಷ್ಟು ತಲುಪುತ್ತಿದೆ ಎಂದು ನೋಡುತ್ತಾರೆ. ನೀರು ಸಾಲದಿದ್ದರೆ ಸರದಿಯನ್ನು ಬದಲಾಯಿಸುತ್ತೇವೆ."

ಇದು ಮೂಲಕ್ಕಿಂತ ಚಿಕ್ಕದಾಗಿಲ್ಲ, ಉದ್ದವಾಗಿದೆ. ನಾಮಪದಗಳನ್ನು ಬಿಡಿಸಿದರೆ ವಾಕ್ಯ ಚಿಕ್ಕದಾಗುತ್ತದೆ ಎಂದು ಹೇಳುವವರನ್ನು ನಾನು ಒಪ್ಪುವುದಿಲ್ಲ. ಅನೇಕ ಸಲ ಬೆಳೆಯುತ್ತದೆ, ಏಕೆಂದರೆ ಮೂಲದಲ್ಲಿ ಇಲ್ಲದ ಸಂಗತಿಗಳನ್ನು ತುಂಬಬೇಕಾಗುತ್ತದೆ. "7 ದಿನ" ಎಂಬುದು ಮೂಲದಲ್ಲಿ ಇರಲಿಲ್ಲ. ಬರೆದವರ ಮನಸ್ಸಿನಲ್ಲಿ ಇತ್ತು, ಆದರೆ "ತೆರವುಗೊಳಿಸುವಿಕೆ" ಎಂಬ ಪದ ಅದನ್ನು ಕೇಳಲಿಲ್ಲ. ಹಾಗೆಂದು ಕ್ರಿಯಾಪದ ಹಾಕಿದ ಮಾತ್ರಕ್ಕೆ ಎಲ್ಲವೂ ಬಗೆಹರಿಯುವುದೂ ಇಲ್ಲ. "ಬೇಕು" ಎಂಬುದಕ್ಕೆ ಪುರುಷ ಪ್ರತ್ಯಯ ಹತ್ತದ ಕಾರಣ, ಬರಿಯ "7 ದಿನಗಳೊಳಗೆ ತೆಗೆಯಬೇಕು" ಎಂದಿದ್ದರೆ ಯಾರು ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತಿತ್ತು. ಆದರೆ ಅಲ್ಲಿ ಕರ್ತೃವಿನ ಖಾಲಿ ಜಾಗ ಓದುವಾಗಲೇ ಕಿವಿಗೆ ತಾಗುತ್ತದೆ, "ವಿಕೆ"ಯಲ್ಲಿ ತಾಗುವುದಿಲ್ಲ.

ಎಲ್ಲ ನಾಮಪದಗಳನ್ನೂ ಹೀಗೆ ಬಿಡಿಸುತ್ತಾ ಕೂರಬಾರದು. ಹರಾಜು, ಮತದಾನ, ಖಾತೆ ಬದಲಾವಣೆ ಇವು ಗೊತ್ತಾದ ಕ್ರಮವಿರುವ ಕೆಲಸಗಳ ಹೆಸರುಗಳು. ಅವನ್ನು ಬಿಡಿಸಲು ಹೋದರೆ ಓದುಗನಿಗೆ ಗೊತ್ತಿರುವುದನ್ನೇ ಮತ್ತೆ ಹೇಳಿದಂತಾಗುತ್ತದೆ. ಒಮ್ಮೆ ಕ್ರಿಯಾಪದದಲ್ಲಿ ಪೂರ್ತಿ ಹೇಳಿದ ಕೆಲಸವನ್ನು ಮುಂದಿನ ವಾಕ್ಯದಲ್ಲಿ ಎತ್ತಿಕೊಳ್ಳುವುದಕ್ಕೂ ನಾಮಪದವೇ ಅನುಕೂಲ. ಎಂಜಿನಿಯರರು ನಾಲೆಯನ್ನು ನೋಡುತ್ತಾರೆ ಎಂದ ಮೇಲೆ "ಈ ಪರಿಶೀಲನೆಗೆ ಎರಡು ದಿನ ಹಿಡಿಯುತ್ತದೆ" ಎಂದರೆ ಯಾವ ಗೊಂದಲವೂ ಇಲ್ಲ. ಕರ್ತೃ ಯಾರೆಂದು ಆಗಲೇ ಗೊತ್ತಿದೆ. ಆದ್ದರಿಂದ ನನ್ನ ವಿದ್ಯಾರ್ಥಿಗಳು ಬರೆದದ್ದನ್ನು ತಿದ್ದುವಾಗ ನಾನು ಭಾವನಾಮಗಳ ಕೆಳಗೆ ಗೆರೆ ಎಳೆದು, ಯಾರು, ಏನನ್ನು, ಯಾವಾಗ ಎಂದು ಕೇಳುತ್ತೇನೆ. ಉತ್ತರ ಅದೇ ವಾಕ್ಯದಲ್ಲೋ ಹಿಂದಿನ ವಾಕ್ಯದಲ್ಲೋ ಇದ್ದರೆ ಬಿಟ್ಟುಬಿಡುತ್ತೇನೆ.

ಇಂಥ ಬರವಣಿಗೆಗೆ ಗುಮಾಸ್ತರ ಸೋಮಾರಿತನವೊಂದೇ ಕಾರಣ ಎನ್ನುವುದು ಅನ್ಯಾಯದ ಮಾತು. ಹಳೆಯ ಕಡತದ ವಾಕ್ಯವನ್ನು ಹಾಗೆಯೇ ಇಳಿಸಿಕೊಂಡರೆ ಮೇಲಿನವರು ತಕರಾರು ತೆಗೆಯುವುದಿಲ್ಲ ಎಂಬ ಧೈರ್ಯ ಅವರಿಗಿರುತ್ತದೆ. ಕಚೇರಿಯೊಂದರಲ್ಲಿ ಬಹಳ ವರ್ಷ ಕೆಲಸ ಮಾಡಿದ ಗೆಳೆಯರೊಬ್ಬರು ನನಗೆ, "ಯಾರು ಮಾಡ್ತಾರೆ ಅಂತ ಬರೆದ್ರೆ ನಾಳೆ ಅವ್ರನ್ನೇ ಕೇಳ್ತಾರಲ್ಲ ಸರ್" ಎಂದು ನಗುತ್ತಾ ಹೇಳಿದ್ದುಂಟು. ಅಂಥ ಕಡೆ ವ್ಯಾಕರಣ ಕಲಿಸಿ ಪ್ರಯೋಜನವಿಲ್ಲ. ಆದರೆ ನಮ್ಮ ಕಾರ್ಯದರ್ಶಿಯವರಿಗೆ ಮುಚ್ಚಿಡುವುದು ಏನೂ ಇರಲಿಲ್ಲ. ನೋಟಿಸು ಎಂದರೆ ಹೀಗೆಯೇ ಇರಬೇಕು ಎಂದುಕೊಂಡಿದ್ದರು, ಅಷ್ಟೆ.

ಬಿಡಿಸಿ ಬರೆದ ನೋಟಿಸನ್ನು ಚಿಕ್ಕಪ್ಪನ ಕೈಗೆ ಕೊಟ್ಟೆ. ಅವರು ಕನ್ನಡಕ ಏರಿಸಿಕೊಂಡು ಒಮ್ಮೆ ಮಾತ್ರ ಓದಿ, "ಇದೀಗ ಗೊತ್ತಾಯ್ತು. ಆದ್ರೆ ಎಂಜಿನಿಯರು ನೋಡೋಕೆ ಬರೋದು ಯಾವತ್ತು? ಅದನ್ನ ನೀನೂ ಬರೆದಿಲ್ವಲ್ಲ" ಎಂದರು. ನಾನು ಮತ್ತೆ ಕಾರ್ಯದರ್ಶಿಯವರಿಗೆ ಫೋನ್ ಮಾಡಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದನ್ನ ನಾವೂ ಕೇಳಿಲ್ಲ ಸರ್, ಕೇಳಿ ಹೇಳ್ತೀನಿ" ಎಂದರು.