ಮುಖದ ಮೇಲೊಂದು ಕೋಟೆಗಲ್ಲು

ರಾಯಚೂರಿನ ಮೇ ತಿಂಗಳು. ಮಧ್ಯಾಹ್ನ ಎರಡು ಗಂಟೆಗೆ ರಸ್ತೆಯಲ್ಲಿ ನಾಯಿಯೂ ಇರುವುದಿಲ್ಲ. ಆ ಹೊತ್ತಿನಲ್ಲಿ ನನ್ನ ಮೆಡಿಕಲ್ ಅಂಗಡಿಗೆ ಬರುವವರು ಎರಡೇ ಥರ. ಓಆರ್‌ಎಸ್ ಬೇಕಾದವರು, ವಯಸ್ಸು ಕಡಿಮೆ ಮಾಡಿಕೊಳ್ಳಬೇಕಾದವರು.

ಎರಡನೇ ಗುಂಪಿನವರು ಮೊದಲೆಲ್ಲ ಕೋಲ್ಡ್ ಕ್ರೀಮಿಗೇ ಸಮಾಧಾನ ಆಗುತ್ತಿದ್ದರು. ಈಗ ಬಂದವರೆಲ್ಲ "ಕೊಲಾಜಿನ್ ಐತೇನ್ರಿ?" ಅಂತಾರೆ. ಹಳ್ಳಿಯಿಂದ ಬಂದ ಹಿರಿಯರೊಬ್ಬರು "ಕಾಲೇಜ್ ಕ್ರೀಮ್" ಕೇಳಿದರು. ಮಗಳಿಗೆ ಸೀಟು ಸಿಕ್ಕಿತ್ತಂತೆ. ಯೂನಿಫಾರ್ಮ್ ಜೊತೆ ಇದೂ ಕಂಪಲ್ಸರಿ ಅಂದುಕೊಂಡಿದ್ದರು ಪಾಪ.

ಕಂಪನಿ ಹುಡುಗ ಬಂದಾಗಲೆಲ್ಲ ಒಂದೇ ಪಾಠ ಒಪ್ಪಿಸುತ್ತಾನೆ. "ಸರ್, ವಯಸ್ಸಾದಂತೆ ಚರ್ಮದೊಳಗಿನ ಕೊಲಾಜಿನ್ ಕಡಿಮೆ ಆಗ್ತದ. ನಮ್ಮ ಕ್ರೀಮು ಅದನ್ನ ತುಂಬಿಸ್ತದ." ಮೊದಲ ಮಾತು ನಿಜ. ಎರಡನೆಯದು ಮನೆಯ ಸಂಪ್‌ಗೆ ಟ್ಯಾಂಕರ್ ನೀರು ಬಿಡುವ ಲೆಕ್ಕ. ಸಂಪ್‌ಗೆ ಮುಚ್ಚಳ ಇರುತ್ತೆ, ತೆಗೆಯಬಹುದು. ಮುಖಕ್ಕೆ ಎಲ್ಲಿದೆ ಮುಚ್ಚಳ?

ಕೊಲಾಜಿನ್ ಅಂದರೆ ಚರ್ಮವನ್ನು ಬಿಗಿಯಾಗಿ ಹಿಡಿದಿಡುವ, ಮೂರು ಎಳೆ ಹೊಸೆದ ಹಗ್ಗದಂಥ ಪ್ರೋಟೀನು. ಅದರ ಒಂದು ಅಣುವಿನ ತೂಕ ಸುಮಾರು 3 ಲಕ್ಷ ಡಾಲ್ಟನ್. ಒಂದು ಹೈಡ್ರೋಜನ್ ಪರಮಾಣು ಒಂದು ಡಾಲ್ಟನ್ ಅಂತ ಇಟ್ಟುಕೊಳ್ಳಿ. ಇನ್ನು ಚರ್ಮದ ಕಡೆ ನೋಡಿದರೆ, ಅದರ ಮೇಲ್ಪದರ ಇರುವುದೇ ಹೊರಗಿನದನ್ನು ಹೊರಗೇ ನಿಲ್ಲಿಸಲಿಕ್ಕೆ. ಹಚ್ಚಿದರೆ ಒಳಗಿಳಿಯುವ ಔಷಧಿಗಳನ್ನೂ ಅಲರ್ಜಿ ಮಾಡುವ ವಸ್ತುಗಳನ್ನೂ ಸಾಲಾಗಿ ನೋಡಿ, ಬಾಸ್ ಮತ್ತು ಮೈನಾರ್ಡಿ ಎಂಬ ಇಬ್ಬರು ಸಂಶೋಧಕರು 2000ರಲ್ಲಿ ಒಂದು ಅಂದಾಜು ಕಟ್ಟಿದರು. ಅಣು 500 ಡಾಲ್ಟನ್ ದಾಟಿದರೆ ಚರ್ಮದೊಳಗೆ ಹೋಗುವುದು ಬಹಳ ಕಷ್ಟ. ನಮ್ಮ ಕೊಲಾಜಿನ್ ಆ ಗಡಿಗಿಂತ 600 ಪಟ್ಟು ದೊಡ್ಡದು.

ನಮ್ಮ ಊರಿನ ಕೋಟೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗೋಡೆಯಲ್ಲಿ 41 ಅಡಿ ಉದ್ದದ ಒಂದೇ ಕಲ್ಲಿದೆ, 1294ರ ಶಾಸನ ಅದರ ಮೇಲಿದೆ. ಆ ಕಲ್ಲನ್ನು ಬಂಡಿಯ ಮೇಲೆ ಹೇರಿ, ಸಾಲು ಸಾಲು ಜಾನುವಾರು ಕಟ್ಟಿ ಎಳೆದು ತಂದ ಚಿತ್ರವನ್ನೂ ಅಲ್ಲೇ ಗೋಡೆಯಲ್ಲಿ ಕೆತ್ತಿದ್ದಾರೆ. ಹಿರಿಯರಿಗೆ ಅಷ್ಟೊಂದು ಜಾನುವಾರು ಬೇಕಾಯಿತು. ಕ್ರೀಮಿನ ಪೆಟ್ಟಿಗೆ ಏನು ಹೇಳುತ್ತೆ ಗೊತ್ತಾ? "ಉಂಗುರ ಬೆರಳಿನಿಂದ, ಮೆಲ್ಲಗೆ, ಮೇಲ್ಮುಖವಾಗಿ ಹಚ್ಚಿ."

ಇದನ್ನು ಹುಡುಗನಿಗೆ ಹೇಳಿದೆ. ಅವನೂ ಕಡಿಮೆಯಿಲ್ಲ. "ಸರ್, ನಮ್ಮದು ಹೈಡ್ರೊಲೈಸ್ಡ್!" ಅಂದ. ಅಂದರೆ ಹಗ್ಗವನ್ನು ಕತ್ತರಿಸಿ ತುಂಡು ಮಾಡಿದ್ದಾರೆ. ಸರಿ. ಆದರೆ ಆ ತುಂಡುಗಳೂ ಸಾಮಾನ್ಯವಾಗಿ ಸಾವಿರಾರು ಡಾಲ್ಟನ್ ತೂಗುತ್ತವೆ. ಒಂದೆರಡು ನುಸುಳಿದವು ಅಂತಲೇ ಇಟ್ಟುಕೊಳ್ಳಿ, ಒಳಗೆ ಹೋಗಿ ತಾವೇ ಹಗ್ಗ ಹೊಸೆದುಕೊಳ್ಳುವುದಿಲ್ಲ. ಕಿಟಕಿಯಿಂದ ಇಟ್ಟಿಗೆ ಎಸೆದರೆ ಗೋಡೆ ಏಳುತ್ತಾ? ಹೊಸೆಯುವ ಕೆಲಸ ಚರ್ಮದೊಳಗಿನ ಜೀವಕೋಶಗಳದ್ದು.

ಹಾಗಂತ ಕ್ರೀಮು ಏನೂ ಮಾಡಲ್ಲ ಅನ್ನಲಾರೆ, ನಾನೂ ಮಾರುವವನೇ. ಮೇಲೆ ಕೂತ ಕೊಲಾಜಿನ್ ನೀರು ಹಿಡಿದಿಡುತ್ತೆ. ಸುಸಲಾ ಮಾಡಲು ನೆನೆಸಿದ ಮಂಡಾಳಿನ ಹಾಗೆ ಮೇಲ್ಪದರ ಉಬ್ಬುತ್ತೆ, ಸಣ್ಣ ಗೆರೆ ಮಸುಕಾಗುತ್ತೆ. ಮುಖ ತೊಳೆದು ಒರೆಸಿದರೆ ಸ್ವಲ್ಪ ಹೊತ್ತಿಗೆ ಮತ್ತೆ ಒಣ ಮಂಡಾಳು. ಇಷ್ಟು ಕೆಲಸ ಗ್ಲಿಸರಿನ್ ಕೂಡ ಮಾಡುತ್ತೆ, ಅದೂ ಎಷ್ಟೋ ಕಡಿಮೆ ದುಡ್ಡಿಗೆ.

ಮೊನ್ನೆ ನಮ್ಮ ಓಣಿಯ ಟೀಚರ್ ಬಂದರು. ಮೊಬೈಲಿನಲ್ಲಿ ತರಿಸಿದ ಕ್ರೀಮು, 50 ಗ್ರಾಂ, 1,299 ರೂಪಾಯಿ. ಜೊತೆಗೊಂದು ಕೊಲಾಜಿನ್ ಪುಡಿಯ ಡಬ್ಬಿ. "ಅಣ್ಣಾರ, ಇದು ಒರಿಜಿನಲ್ ಹೌದೋ ಅಲ್ಲೋ ನೋಡ್ರಿ" ಅಂದರು. ಒರಿಜಿನಲ್ಲೇ. ಅದೇ ಅಲ್ವಾ ತೊಂದರೆ.

ಭೂತಗನ್ನಡಿ ತೆಗೆದು ಪೆಟ್ಟಿಗೆಯ ಹಿಂಭಾಗ ಓದಿದೆವು. ಯಾವುದು ಜಾಸ್ತಿ ಇದೆಯೋ ಅದನ್ನು ಮೊದಲು ಬರೆಯಬೇಕು ಅನ್ನುವುದು ನಿಯಮ. ಶೇ. 1ಕ್ಕಿಂತ ಕಡಿಮೆ ಇರುವವನ್ನು ಕೊನೆಯಲ್ಲಿ ಹೇಗೆ ಬೇಕಾದರೂ ಬರೆಯಬಹುದು. ಮೊದಲಿಗೆ ನೀರು. ಆಮೇಲೆ ಗ್ಲಿಸರಿನ್, ಎಣ್ಣೆ, ಮೇಣ. ಆಮೇಲೆ ಫಿನಾಕ್ಸಿಇಥನಾಲ್. ಇಲ್ಲಿ ಬೆರಳಿಟ್ಟು ನಿಲ್ಲಿ. ಇದು ಕೆಡದಂತೆ ಹಾಕುವ ವಸ್ತು, ಶೇ. 1ಕ್ಕಿಂತ ಜಾಸ್ತಿ ಹಾಕುವುದಿಲ್ಲ. ಹಾಗಾಗಿ ಇದರ ಕೆಳಗೆ ಬರುವುದೆಲ್ಲ ಚಿಟಿಕೆ ಲೆಕ್ಕ. ಟೀಚರ ಕೊಲಾಜಿನ್ ಎಲ್ಲಿತ್ತು? ಫಿನಾಕ್ಸಿಇಥನಾಲ್ ಆಯಿತು, ಸೆಂಟು ಆಯಿತು, ಅದರ ಕೆಳಗೆ. ಅಂದರೆ ಇಡೀ ಡಬ್ಬಿಯಲ್ಲಿ ಅರ್ಧ ಗ್ರಾಮೂ ಇಲ್ಲ. ಮುಂದುಗಡೆ ಮಾತ್ರ ಬಂಗಾರದ ಅಕ್ಷರದಲ್ಲಿ ಅದೊಂದೇ ಹೆಸರು.

"ಮತ್ತ ನೂರಕ್ಕ 92 ಮಂದಿ ಒಪ್ಪ್ಯಾರಂತಲ್ರಿ?" ಅಂತ ಟೀಚರ್ ಕೇಳಿದರು. ಪೆಟ್ಟಿಗೆಯಲ್ಲಿದ್ದ ಆ 92ರ ತಲೆಯ ಮೇಲೊಂದು ನಕ್ಷತ್ರ ಇತ್ತು. ಅದನ್ನು ಹಿಡಿದು ಕೆಳಗಿಳಿದರೆ ಸಾಸಿವೆಗಿಂತ ಸಣ್ಣ ಅಕ್ಷರ: 25 ಮಹಿಳೆಯರ ಸ್ವಂತ ಅಭಿಪ್ರಾಯ, 4 ವಾರ. ಅಂದರೆ 23 ಜನ "ಹೂಂ, ಚಲೋ ಅನಸ್ತದ" ಅಂದಿದ್ದಾರೆ. ಗೆರೆಯನ್ನು ಯಾರೂ ಅಳೆದಿಲ್ಲ. ಸಾದಾ ಕ್ರೀಮು ಹಚ್ಚಿದ ಇನ್ನೊಂದು ಗುಂಪೂ ಇಲ್ಲ. ಅವರಿಗೆ ಗ್ಲಿಸರಿನ್ ಕೊಟ್ಟಿದ್ದರೂ ಅದನ್ನೇ ಅನ್ನುತ್ತಿದ್ದರೇನೋ. "ಡರ್ಮಟಾಲಜಿಕಲಿ ಟೆಸ್ಟೆಡ್" ಅಂದರೆ ಸಾಮಾನ್ಯವಾಗಿ ಹಚ್ಚಿದರೆ ತುರಿಕೆ, ಉರಿ ಬರುತ್ತಾ ಅಂತ ನೋಡಿದ್ದಾರೆ ಅಂತ. ಗೆರೆ ಹೋಗುತ್ತಾ ಅಂತಲ್ಲ.

ಆದರೆ ನಾನು ಕೈ ಮುಗಿಯುವುದು ಇನ್ನೊಂದು ಸಾಲಿಗೆ. "ಸುಕ್ಕು ಕಾಣಿಸುವುದನ್ನು ಕಡಿಮೆ ಮಾಡುತ್ತದೆ." ಸುಕ್ಕನ್ನಲ್ಲ, ಕಾಣಿಸುವುದನ್ನು! 1940ರ ನಮ್ಮ ಔಷಧ ಮತ್ತು ಕಾಂತಿವರ್ಧಕ ಕಾಯ್ದೆಯ ಪ್ರಕಾರ ಕಾಂತಿವರ್ಧಕದ ಕೆಲಸ ಸ್ವಚ್ಛ ಮಾಡುವುದು, ಚೆಂದ ಮಾಡುವುದು, ನೋಟ ಬದಲಿಸುವುದು. ಚರ್ಮದ ಕೆಲಸವನ್ನೇ ಬದಲಿಸುತ್ತೇವೆ ಅಂತ ಹೊರಟರೆ ಅದನ್ನು ಔಷಧಿ ಅಂತ ಕರೆಯಬೇಕಾಗುತ್ತೆ. ಆಮೇಲೆ ಲೈಸೆನ್ಸು, ಪುರಾವೆ ಎಲ್ಲ ಬೇಕು. ಅದಕ್ಕೇ ವಕೀಲರು ಆ ಒಂದು ಪದ ತುರುಕಿದ್ದಾರೆ. ಪೆಟ್ಟಿಗೆ ಎಲ್ಲೂ ಸುಳ್ಳು ಹೇಳಿಲ್ಲ. ಸುಳ್ಳನ್ನು ನಾವೇ ಓದಿಕೊಂಡಿದ್ದೇವೆ.

ಪುಡಿ ಡಬ್ಬಿ ಕೈಗೆತ್ತಿಕೊಂಡೆ. ಟೀಚರು ಶುದ್ಧ ಸಸ್ಯಾಹಾರಿ, ಸೋಮವಾರ ಒಪ್ಪತ್ತು. ಮೂಲೆಯಲ್ಲಿ ಕಂದು ಬಣ್ಣದ ಪುಟ್ಟ ತ್ರಿಕೋನ ತೋರಿಸಿದೆ.

"ಏನ್ರಿ ಇದು?"

"ಮೀನು, ಟೀಚರಮ್ಮ. ಮರೈನ್ ಅಂತ ಬರೆದಾರಲ್ಲ."

"ಅಯ್ಯ ಶಿವನೇ! ಸೋಮವಾರನೂ ಕುಡದೀನಲ್ರಿ!"

ಕೊಲಾಜಿನ್ ಸಿಗುವುದೇ ಪ್ರಾಣಿಯ ಚರ್ಮ, ಮೂಳೆ, ಮೀನಿನ ಚರ್ಮ, ಪೊರೆಯಿಂದ. ಗಿಡದಲ್ಲಿ ಅದು ಇಲ್ಲ. ಕುಡಿದದ್ದು ಹೊಟ್ಟೆಯಲ್ಲಿ ಬೇಳೆಯ ಪ್ರೋಟೀನಿನ ಹಾಗೇ ಚೂರಾಗುತ್ತೆ. ಎರಡು ಮೂರು ಕೊಂಡಿಯ ಕೆಲವು ಚೂರು ರಕ್ತಕ್ಕೂ ಸೇರುತ್ತವೆ, ಅದು ನಿಜ. ಆದರೆ ಅವು ಸೀದಾ ಕಣ್ಣಿನ ಕೆಳಗಿನ ಗೆರೆಗೇ ಹೋಗಬೇಕು ಅಂತ ವಿಳಾಸ ಬರೆದಿರುವುದಿಲ್ಲ. ಚರ್ಮ ಸುಧಾರಿಸಿತು ಅನ್ನುವ ಅಧ್ಯಯನಗಳೂ ಇವೆ. 2025ರಲ್ಲಿ ಅಂಥ 23 ಅಧ್ಯಯನ ಒಟ್ಟುಗೂಡಿಸಿ ನೋಡಿದಾಗ ಲಾಭ ಕಂಡಿತು. ಆಮೇಲೆ ಕಂಪನಿ ದುಡ್ಡಿನವನ್ನು ಬೇರೆ, ಹಾಗಲ್ಲದವನ್ನು ಬೇರೆ ಮಾಡಿದರು. ಕಂಪನಿ ದುಡ್ಡಿಲ್ಲದವುಗಳಲ್ಲಿ ಲಾಭ ಮಾಯ.

"ಹಂಗಾರ ಕೆಲಸ ಮಾಡೋದು ಏನೈತ್ರಿ ನಿಮ್ಮ ಅಂಗಡ್ಯಾಗ?"

ಟ್ರೆಟಿನಾಯಿನ್ ಅನ್ನುವ ಹಚ್ಚುವ ಔಷಧಿ ಇದೆ, ಸುಮಾರು 300 ಡಾಲ್ಟನ್, ಒಳಗಿಳಿಯುತ್ತೆ. ಒಳಗಿನ ಕೋಶಗಳಿಂದಲೇ ಕೊಲಾಜಿನ್ ಮಾಡಿಸುತ್ತೆ. ಆದರೆ ಡಾಕ್ಟರ ಚೀಟಿ ಬೇಕು, ಗರ್ಭಿಣಿಯರಿಗೆ ಕೂಡದು. ಇನ್ನೊಂದು ಸನ್‌ಸ್ಕ್ರೀನ್. ಅದು ಕೊಲಾಜಿನ್ ತುಂಬಿಸಲ್ಲ, ಇದ್ದದ್ದನ್ನು ಬಿಸಿಲು ಹಾಳು ಮಾಡದಂತೆ ಕಾಯುತ್ತೆ. ತೋರಿಸಿದೆ.

ಟೀಚರ್ ಟ್ಯೂಬು ತಿರುಗಿಸಿ ನೋಡಿದರು. "ಇದರಾಗ ಕೊಲಾಜಿನ್ ಇಲ್ಲೇನ್ರಿ?"

"ಇಲ್ಲ."

"ಹಂಗಾರ ಬ್ಯಾಡ ಬಿಡ್ರಿ."

ಸೆರಗನ್ನು ಹಣೆ ಮುಚ್ಚುವ ಹಾಗೆ ಎಳೆದುಕೊಂಡು ಬಿಸಿಲಿಗಿಳಿದರು. ಸಂಜೆ ಕಂಪನಿ ಹುಡುಗನಿಗೆ ಫೋನು ಮಾಡಿ ಇನ್ನೊಂದು ಡಜನ್ ಕಳಿಸು ಅಂದೆ.