“ಸುಲಭವಾಗಿ ಪರಿಶೀಲಿಸಬಹುದು” ಎಂಬ ಸಾಲಿನ ಬಗ್ಗೆ ನನ್ನದೊಂದು ತಕರಾರು

ಕಕ್ಕಡದ ಮಳೆ ಹಿಡಿದುಕೊಂಡು ಎರಡು ದಿನದಿಂದ ಕರೆಂಟ್ ಇಲ್ಲದ ಹೊತ್ತಿನಲ್ಲಿ, ಮಡಿಕೇರಿಯ ನಮ್ಮ ಮನೆಯಲ್ಲಿ ಕುಳಿತು ಇಂಟರ್ನಲ್ ಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಿದ್ದುತ್ತಿದ್ದೆ. ಇಂಟಿಗ್ರಲ್ ಡೊಮೈನ್ ಒಂದರಿಂದ ಭಿನ್ನರಾಶಿಗಳ ಫೀಲ್ಡನ್ನು ಕಟ್ಟುವಾಗ ಸಂಕಲನವು ವೆಲ್ ಡಿಫೈನ್ಡ್ ಆಗಿದೆಯೆಂದು ತೋರಿಸಿ ಎಂಬುದು 5 ಅಂಕದ ಪ್ರಶ್ನೆ. ಹೆಚ್ಚಿನವರು ವ್ಯಾಖ್ಯೆಯನ್ನು ಬರೆದು, “ಇದನ್ನು ಸುಲಭವಾಗಿ ಪರಿಶೀಲಿಸಬಹುದು” ಎಂಬ ಒಂದು ಸಾಲಿನಲ್ಲಿ ಪ್ರಶ್ನೆಯನ್ನೇ ನುಂಗಿಬಿಟ್ಟಿದ್ದರು. ಅವರನ್ನು ಬೈಯುವಂತಿರಲಿಲ್ಲ, ಏಕೆಂದರೆ ಬೋರ್ಡಿನ ಮೇಲೆ ಆ ಸಾಲನ್ನು ಬರೆದು ಡಸ್ಟರ್ ಎತ್ತಿಕೊಂಡವಳು ನಾನೇ. ಆ ಪರಿಶೀಲನೆಯನ್ನು ಬಿಟ್ಟರೆ ಈ ವಿಷಯದಲ್ಲಿ ಕಲಿಸಲು ಬೇರೇನೂ ಉಳಿಯುವುದಿಲ್ಲವೆಂಬುದು ಈಗ ನನ್ನ ಅಭಿಪ್ರಾಯ, ಮತ್ತು ಆ ಅಭಿಪ್ರಾಯಕ್ಕೆ ನನ್ನನ್ನು ತಂದವಳು ಪರಿಶೀಲಿಸಲು ಹೋಗಿ ತಪ್ಪಿದ ಒಬ್ಬ ವಿದ್ಯಾರ್ಥಿನಿ.

ಮೊದಲು ಕಟ್ಟಡದ ತಳಪಾಯವನ್ನು ನೆನಪಿಸಿಕೊಳ್ಳೋಣ. D ಎಂಬುದು ಇಂಟಿಗ್ರಲ್ ಡೊಮೈನ್, ಅಂದರೆ ಗುಣಾಕಾರದಲ್ಲಿ ಕ್ರಮ ಬದಲಿಸಿದರೂ ಬೆಲೆ ಬದಲಾಗದ, 1 ಇರುವ, 1 ಮತ್ತು 0 ಬೇರೆಬೇರೆಯಾಗಿರುವ ಮತ್ತು ಸೊನ್ನೆಯಲ್ಲದ ಎರಡನ್ನು ಗುಣಿಸಿದರೆ ಎಂದೂ ಸೊನ್ನೆ ಬಾರದ ರಿಂಗ್. ಇದರಲ್ಲಿ ಭಾಗಾಕಾರ ಇಲ್ಲದಿರುವುದರಿಂದ a/b ಎಂದು ನೇರವಾಗಿ ಬರೆಯುವಂತಿಲ್ಲ. ಆದ್ದರಿಂದ b ಸೊನ್ನೆಯಲ್ಲದ (a, b) ಎಂಬ ಜೋಡಿಗಳನ್ನು ತೆಗೆದುಕೊಂಡು, ad = bc ಆದಾಗ (a, b) ~ (c, d) ಎಂದು ಹೇಳಿ, ಹೀಗೆ ಒಂದಕ್ಕೊಂದು ಸಮಾನವಾದ ಎಲ್ಲ ಜೋಡಿಗಳ ಗುಂಪಿಗೆ a/b ಎಂದು ಹೆಸರಿಡುತ್ತೇವೆ. ಸಂಕಲನ ನಾವು ಶಾಲೆಯಲ್ಲಿ ಕಲಿತದ್ದೇ:

a/b + c/d = (ad + bc)/bd

ತೊಡಕಿರುವುದು ಇಲ್ಲಿ. ಕೂಡುತ್ತಿರುವುದು ಗುಂಪುಗಳನ್ನು, ಆದರೆ ಸೂತ್ರ ಕೈಹಾಕುವುದು ಆ ಗುಂಪಿನಿಂದ ನಾವು ಹೆಕ್ಕಿಕೊಂಡ ಒಂದು ಜೋಡಿಗೆ. ಬೇರೆ ಜೋಡಿಯನ್ನು ಹೆಕ್ಕಿದವನಿಗೆ ಬೇರೆ ಉತ್ತರ ಬಂದರೆ ಅದು ಗುಂಪುಗಳ ಸಂಕಲನವೇ ಅಲ್ಲ.

ಹಾಗೆ ಕೈಕೊಡುವ ಸೂತ್ರ ಹೇಗಿರುತ್ತದೆಂದು ತೋರಿಸಲು ದೂರ ಹೋಗಬೇಕಾಗಿಲ್ಲ. ಸುಂಟಿಕೊಪ್ಪದ ಹತ್ತಿರ ಸ್ವಲ್ಪ ತೋಟವಿರುವ ನಮ್ಮ ಭಾವ ರೊಬಸ್ಟಾ ಚೆರಿಯ ಔಟ್‌ಟರ್ನ್ ಲೆಕ್ಕವನ್ನು ಒಂದು ಹಳೆಯ ಡೈರಿಯಲ್ಲಿ ಬರೆದಿಡುತ್ತಾರೆ. ಒಣಗಿದ ಚೆರಿ 50 ಕೆ.ಜಿ. ಸಿಪ್ಪೆ ತೆಗೆಸಿದಾಗ 26 ಕೆ.ಜಿ. ಬೇಳೆ ಬಂದರೆ 26/50. ಇನ್ನೊಂದು 50 ಕೆ.ಜಿ.ಯಲ್ಲಿ 24 ಬಂದರೆ 24/50. ಎರಡನ್ನೂ ಒಟ್ಟು ಸುರಿದರೆ 100ಕ್ಕೆ 50, ಅಂದರೆ ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿದಂತಾಯಿತು. ಭಾವನ ಈ ಲೆಕ್ಕದಲ್ಲಿ ಎಳ್ಳಷ್ಟೂ ತಪ್ಪಿಲ್ಲ. ಆದರೆ ಮೊದಲ ಲಾಟಿನ 26/50 ಅನ್ನು ಯಾರಾದರೂ 13/25 ಎಂದು ಸಂಕ್ಷೇಪಿಸಿ ಬರೆದಿಟ್ಟು, ಆಮೇಲೆ ಅದೇ ರೀತಿ ಕೂಡಿದರೆ 37/75 ಬರುತ್ತದೆ, ಅದು ಅರ್ಧಕ್ಕಿಂತ ಕಡಿಮೆ. 26/50 ಮತ್ತು 13/25 ಒಂದೇ ಭಿನ್ನರಾಶಿ, ಆದರೂ ಉತ್ತರ ಎರಡು. ಭಾವನ ನಿಯಮ ಜೋಡಿಗಳ ಮೇಲೆ ಸರಿಯಾಗಿ ನಡೆಯುತ್ತದೆ, ಏಕೆಂದರೆ ಜೋಡಿಗೆ ಚೀಲದ ತೂಕ ನೆನಪಿರುತ್ತದೆ. ಭಿನ್ನರಾಶಿಗೆ ಆ ನೆನಪಿಲ್ಲ. ಹೀಗಾಗಿ ಅದು ಭಿನ್ನರಾಶಿಗಳ ಮೇಲೆ ವೆಲ್ ಡಿಫೈನ್ಡ್ ಅಲ್ಲ. ಶಾಲೆಯ ಸೂತ್ರ ಇಂಥ ಪರೀಕ್ಷೆಯಲ್ಲಿ ಪಾಸಾಗುತ್ತದೆಯೇ ಎಂಬುದೇ ಪ್ರಶ್ನೆ.

ನನ್ನ ವಿದ್ಯಾರ್ಥಿನಿ ಬರೆದಿದ್ದ ಉತ್ತರ ಹೀಗಿತ್ತು: a/b ಯ ಇನ್ನೊಂದು ರೂಪವೆಂದರೆ ka/kb. ಅದನ್ನು ಸೂತ್ರಕ್ಕೆ ಹಾಕಿದರೆ (kad + kbc)/kbd ಬರುತ್ತದೆ. ಮೇಲೂ ಕೆಳಗೂ k ಇರುವುದರಿಂದ ಇದು ಮೊದಲಿನ ಉತ್ತರವೇ. ನಾನು ಕೆಂಪು ಶಾಯಿಯಲ್ಲಿ “ಎಲ್ಲ ರೂಪಗಳೂ ಹೀಗಿರುವುದಿಲ್ಲ” ಎಂದು ಬರೆದು 2 ಅಂಕ ಕೊಟ್ಟೆ. 2/4 ಮತ್ತು 3/6 ಸಮಾನ, ಆದರೆ 2ನ್ನು ಯಾವ ಪೂರ್ಣಾಂಕದಿಂದ ಗುಣಿಸಿದರೂ 3 ಬರುವುದಿಲ್ಲ.

ಮರುದಿನ ಅವಳು ಸ್ಟಾಫ್ ರೂಮಿಗೆ ಬಂದಳು. “ಮೇಡಂ, 2/4, 3/6 ಎರಡೂ 1/2ರಿಂದಲೇ ಬಂದದ್ದಲ್ಲವೇ? ಮೊದಲು ಸಂಕ್ಷಿಪ್ತ ರೂಪಕ್ಕೆ ಇಳಿಸಿಕೊಂಡರೆ ಆಯಿತಲ್ಲ, ಎಲ್ಲವೂ ಅದರ k ಪಟ್ಟು ಆಗುತ್ತವೆ” ಎಂದಳು. ಪೂರ್ಣಾಂಕಗಳಿಗೆ ಅವಳ ಮಾತು ನೂರಕ್ಕೆ ನೂರು ನಿಜ. ಅದಕ್ಕೇ ಈ ತಪ್ಪು ಇಷ್ಟು ಜನಪ್ರಿಯ. ಆದರೆ ಪ್ರಶ್ನೆಯಲ್ಲಿದ್ದುದು ಪೂರ್ಣಾಂಕಗಳಲ್ಲ, ಯಾವುದೇ ಇಂಟಿಗ್ರಲ್ ಡೊಮೈನ್, ಮತ್ತು ಕೆಲವು ಡೊಮೈನುಗಳಲ್ಲಿ ಸಂಕ್ಷಿಪ್ತ ರೂಪ ಎಂಬುದು ಒಂದೇ ಆಗಿರುವುದಿಲ್ಲ.

ಅವಳ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲೇ ಬರೆದು ತೋರಿಸಿದೆ. m, n ಪೂರ್ಣಾಂಕಗಳಾಗಿರುವ m + n√−5 ಎಂಬ ಸಂಖ್ಯೆಗಳನ್ನು ತೆಗೆದುಕೊಳ್ಳಿ. ಇಲ್ಲಿ 6ಕ್ಕೆ ಎರಡು ಬಗೆಯ ಅಪವರ್ತನವಿದೆ:

2 · 3 = 6 = (1 + √−5)(1 − √−5)

ಅಡ್ಡ ಗುಣಾಕಾರದ ನಿಯಮದ ಪ್ರಕಾರ ಇದರ ಅರ್ಥ 2/(1 + √−5) ಮತ್ತು (1 − √−5)/3 ಒಂದೇ ಭಿನ್ನರಾಶಿ ಎಂದು. ಮೊದಲನೆಯದನ್ನು ಇನ್ನಷ್ಟು ಇಳಿಸಬಹುದೇ? m + n√−5ರ ನಾರ್ಮ್ ಎಂದರೆ m² + 5n², ಮತ್ತು ಒಂದು ಸಂಖ್ಯೆ ಇನ್ನೊಂದನ್ನು ಭಾಗಿಸಿದರೆ ಅದರ ನಾರ್ಮ್ ಕೂಡ ಇನ್ನೊಂದರ ನಾರ್ಮನ್ನು ಭಾಗಿಸಬೇಕು. ಅಂಶದ ನಾರ್ಮ್ 4, ಛೇದದ ನಾರ್ಮ್ 6. ಎರಡಕ್ಕೂ ಸಾಮಾನ್ಯವಾದ ಅಪವರ್ತನವಿದ್ದರೆ ಅದರ ನಾರ್ಮ್ 1 ಅಥವಾ 2 ಆಗಿರಬೇಕು. m² + 5n² = 2 ಎಂಬುದಕ್ಕೆ ಪರಿಹಾರವಿಲ್ಲ, ನಾರ್ಮ್ 1 ಇರುವುದು ±1ಕ್ಕೆ ಮಾತ್ರ. ಹಾಗಾಗಿ ಇಳಿಸಲು ಏನೂ ಉಳಿದಿಲ್ಲ. (1 − √−5)/3ರಲ್ಲಿ ನಾರ್ಮುಗಳು 6 ಮತ್ತು 9. ಅಲ್ಲಿಯೂ ಇದೇ ವಾದ ನಡೆಯುತ್ತದೆ, ಏಕೆಂದರೆ ನಾರ್ಮ್ 3 ಕೂಡ ಸಿಗುವುದಿಲ್ಲ. ಒಂದೇ ಭಿನ್ನರಾಶಿಗೆ ಇಳಿಸಲಾಗದ ಎರಡು ರೂಪಗಳು, ಅವುಗಳಲ್ಲಿ ಒಂದು ಇನ್ನೊಂದರ k ಪಟ್ಟು ಅಲ್ಲ. ಎರಡೂ ಒಂದರಿಂದಲೇ ಇಳಿದು ಬಂದವೆನ್ನಲು ಅಂಥದ್ದೊಂದು ಮೂಲ ರೂಪ ಇಲ್ಲಿ ಇಲ್ಲವೇ ಇಲ್ಲ.

ಹಾಗಿದ್ದರೂ ಸಂಕಲನ ಕೈಕೊಡುವುದಿಲ್ಲವೆಂದು ಅವಳೇ ಲೆಕ್ಕ ಮಾಡಿ ನೋಡಲಿ ಎಂದು 1/2 ಕೂಡಿಸಲು ಹೇಳಿದೆ. ಮೊದಲ ರೂಪದಿಂದ ಅವಳಿಗೆ (5 + √−5)/(2 + 2√−5) ಬಂತು, ಎರಡನೆಯದರಿಂದ (5 − 2√−5)/6. ನೋಡಲು ಒಂದಕ್ಕೊಂದು ಸಂಬಂಧವಿಲ್ಲದ ಹಾಗಿವೆ. ಅಡ್ಡ ಗುಣಿಸಿದರೆ ಒಂದು ಕಡೆ 6(5 + √−5), ಅಂದರೆ 30 + 6√−5. ಇನ್ನೊಂದು ಕಡೆ (5 − 2√−5)(2 + 2√−5) ಬಿಡಿಸಿದಾಗ 10 + 10√−5 − 4√−5 + 20, ಅದೂ 30 + 6√−5. ಕೊನೆಯ 20 ಬಂದದ್ದು −4ನ್ನು −5ರಿಂದ ಗುಣಿಸಿದ್ದರಿಂದ. ಅವಳು ಮೊದಲ ಸಲ ಅಲ್ಲೇ ಚಿಹ್ನೆ ತಪ್ಪಿದ್ದಳು.

ಇಂಥ ಒಂದೊಂದೇ ಲೆಕ್ಕದಿಂದ ಪುರಾವೆಯಾಗುವುದಿಲ್ಲ. ಪುರಾವೆ ಇಷ್ಟೇ: (a, b) ~ (a′, b′) ಮತ್ತು (c, d) ~ (c′, d′), ಅಂದರೆ ab′ = a′b, cd′ = c′d ಎಂದಿರಲಿ. ಆಗ

(ad + bc)b′d′ = (ab′)dd′ + (cd′)bb′ = (a′b)dd′ + (c′d)bb′ = (a′d′ + b′c′)bd

k ಎಂಬುದು ಎಲ್ಲಿಯೂ ಇಲ್ಲ, ಸಂಕ್ಷಿಪ್ತ ರೂಪವೂ ಬೇಕಾಗಿಲ್ಲ. ಗುಣಾಕಾರಕ್ಕೆ ಇದಕ್ಕಿಂತ ಕಡಿಮೆ ಶ್ರಮ ಸಾಕು, ಓದುವವರು ಕಾಫಿ ಕುಡಿಯುತ್ತಾ ಮಾಡಿಕೊಳ್ಳಬಹುದು.

ಅವಳು ಅಲ್ಲಿಗೆ ಬಿಡಲಿಲ್ಲ. “ಕೆಳಗೆ ಇಳಿಯಲು ಆಗದಿದ್ದರೆ ಮೇಲಕ್ಕೆ ಹತ್ತಬಹುದಲ್ಲ ಮೇಡಂ?” ಎಂದಳು. ನಾನು ಒಂದು ಕ್ಷಣ ಸುಮ್ಮನಾದೆ, ಏಕೆಂದರೆ ಅವಳು ಹೇಳಿದ್ದು ಸರಿಯಾಗಿತ್ತು. (a, b)ಯನ್ನು b′ನಿಂದ ಗುಣಿಸಿದರೆ (ab′, bb′). (a′, b′)ನ್ನು bಯಿಂದ ಗುಣಿಸಿದರೆ (a′b, bb′). ab′ = a′b ಆಗಿರುವುದರಿಂದ ಇವೆರಡೂ ಅಕ್ಷರಶಃ ಒಂದೇ ಜೋಡಿ. ಎರಡು ಸಮಾನ ರೂಪಗಳಿಗೆ ಒಂದೇ ಪೂರ್ವಜ ಇರಲೇಬೇಕೆಂದಿಲ್ಲ, ಆದರೆ ಎರಡೂ ಹೋಗಿ ಸೇರುವ ಒಂದು ಜೋಡಿ ಎಲ್ಲ ಡೊಮೈನಿನಲ್ಲೂ ಇರುತ್ತದೆ. ಹಾಗಾಗಿ k ಪಟ್ಟು ಮಾಡಿದಾಗ ಉತ್ತರ ಬದಲಾಗದೆಂಬ ಅವಳ ಮೂಲ ಲೆಕ್ಕಕ್ಕೆ ಈ ಒಂದು ಸಾಲನ್ನು ಸೇರಿಸಿದರೆ ಪುರಾವೆ ಪೂರ್ತಿಯಾಗುತ್ತದೆ.

ಪೂರ್ತಿಯಾಗುತ್ತದೆ ಎನ್ನುವಾಗ ಒಂದು ಮಾತನ್ನು ಕದ್ದು ಬಳಸಿದ್ದೇನೆ. ಎರಡೂ ಉತ್ತರಗಳು ಮೂರನೆಯದೊಂದಕ್ಕೆ ಸಮಾನವಾದ್ದರಿಂದ ಅವು ಪರಸ್ಪರ ಸಮಾನ ಎಂದೆ. ಅದು ~ ಎಂಬ ಸಂಬಂಧ ಟ್ರಾನ್ಸಿಟಿವ್ ಆಗಿದ್ದರೆ ಮಾತ್ರ ಸರಿ, ಮತ್ತು ಡೊಮೈನ್ ಎಂಬ ಷರತ್ತು ಮೊದಲು ದುಡಿಯುವುದು ಅಲ್ಲೇ. ad = bc, cf = de ಇದ್ದರೆ adf = bcf = bde, ಅಂದರೆ d(af − be) = 0. ಇಲ್ಲಿಂದ af = be ಎನ್ನಲು d ಸೊನ್ನೆಯಲ್ಲ ಎಂದರೆ ಸಾಲದು, ಸೊನ್ನೆಯಲ್ಲದ ಎರಡರ ಗುಣಲಬ್ಧ ಸೊನ್ನೆಯಾಗದು ಎಂಬುದೂ ಬೇಕು. 6ರ ಮಾಡ್ಯುಲೊ ಲೆಕ್ಕದಲ್ಲಿ ಇದು ಹೇಗೆ ಕುಸಿಯುತ್ತದೆ ನೋಡಿ: 3·2 = 0 = 1·0 ಆದ್ದರಿಂದ 3/1 ಮತ್ತು 0/2 ಸಮಾನ. 0·1 = 0 = 2·0 ಆದ್ದರಿಂದ 0/2 ಮತ್ತು 0/1 ಸಮಾನ. ಆದರೆ 3·1 = 3, 1·0 = 0, ಹಾಗಾಗಿ 3/1 ಮತ್ತು 0/1 ಸಮಾನವಲ್ಲ. ಗುಂಪುಗಳೇ ಸರಿಯಾಗಿ ಬೇರ್ಪಡದ ಮೇಲೆ ಅವುಗಳ ಸಂಕಲನದ ಮಾತೆಲ್ಲಿ? ಸಂಬಂಧವನ್ನು ಬದಿಗಿಟ್ಟು ಸೂತ್ರವನ್ನೇ ನಂಬಿ 1/2 + 1/3 ಮಾಡಿದರೂ ಅಲ್ಲಿ 5/0 ಬರುತ್ತದೆ. bd ಸೊನ್ನೆಯಾಗದಿರಲು ಕೂಡ ಅದೇ ಷರತ್ತು ಬೇಕೆಂದಾಯಿತು.

ಫೀಲ್ಡಿನ ಉಳಿದ ನಿಯಮಗಳನ್ನು ನಿಜವಾಗಿಯೂ ಸುಲಭವಾಗಿ ಪರಿಶೀಲಿಸಬಹುದು, ಅಲ್ಲಿ ನನ್ನ ತಕರಾರಿಲ್ಲ. ಒಂದನ್ನು ಮಾತ್ರ ನಾನು ಇಷ್ಟು ವರ್ಷ ಬೋರ್ಡಿನ ಮೇಲೆ ಹಾರಿಸಿಕೊಂಡೇ ಬಂದಿದ್ದೇನೆ. a/b ಸೊನ್ನೆಯಲ್ಲದಿದ್ದರೆ ಅದರ ವಿಲೋಮ b/a ಎನ್ನುತ್ತೇವೆ. ಇದೂ ಹೆಕ್ಕಿಕೊಂಡ ಜೋಡಿಯ ಮೇಲೆ ನಿಂತ ಸೂತ್ರವೇ. ಇನ್ನೊಬ್ಬರು (a′, b′) ಹೆಕ್ಕಿದಾಗ a′ ಸೊನ್ನೆಯಾಗಿದ್ದರೆ ಅವರಿಗೆ ವಿಲೋಮವೇ ಇರುವುದಿಲ್ಲ. ಹಾಗಾಗದು: a′ = 0 ಆದರೆ ab′ = a′b = 0, b′ ಸೊನ್ನೆಯಲ್ಲ, ಆದ್ದರಿಂದ a ಸೊನ್ನೆಯಾಗಬೇಕಾಗುತ್ತದೆ. ಇನ್ನು b/a ಮತ್ತು b′/a′ ಸಮಾನವೆಂಬುದು ಅದೇ ab′ = a′b ಯನ್ನು ತಿರುಗಿಸಿ ಓದಿದರೆ ಸಿಗುತ್ತದೆ.

ಆ ವಿದ್ಯಾರ್ಥಿನಿಯ ಪತ್ರಿಕೆಯಲ್ಲಿ 2ನ್ನು ಹೊಡೆದು 4 ಮಾಡಿ ಪಕ್ಕದಲ್ಲಿ ಸಹಿ ಹಾಕಿದೆ. ಐದನೆಯದನ್ನು ಯಾಕೆ ಕೊಡಲಿಲ್ಲವೆಂದು ಅವಳು ಕೇಳಿದಳು. ಟ್ರಾನ್ಸಿಟಿವಿಟಿಯನ್ನು ಎಲ್ಲಿ ಬಳಸಿದೆಯೆಂದು ಪತ್ರಿಕೆಯಲ್ಲಿ ಬರೆದಿಲ್ಲವಲ್ಲ, ಎಂದೆ.